ಹಣ ಕಟ್ಟಿದ ಮೇಲೆ ಆರ್ಡರ್ ಎಲ್ಲಿ ನಿಂತಿದೆ?

ಆನ್‌ಲೈನ್ ಅಂಗಡಿಯಲ್ಲಿ ಸಾಮಾನು ಆರಿಸಿ, ಯುಪಿಐ ಪಿನ್ ಒತ್ತಿ ಹಣ ಕಟ್ಟಿದ ಕೂಡಲೇ ಪರದೆಯ ಮೇಲೆ 'ನಿಮ್ಮ ಆರ್ಡರ್ ಸ್ವೀಕರಿಸಲಾಗಿದೆ' ಎಂದು ಬರುತ್ತದೆ. ಆ ಗಳಿಗೆಗೆ ಒಳಗಡೆ ಆಗಿರುವ ಕೆಲಸ ಬಹಳ ಕಡಿಮೆ. ಗೋದಾಮಿನಲ್ಲಿ ಆ ಸಾಮಾನನ್ನು ನಿಮ್ಮ ಹೆಸರಿಗೆ ಇನ್ನೂ ತೆಗೆದಿಟ್ಟಿಲ್ಲ, ಬಿಲ್ ಆಗಿಲ್ಲ, ಪ್ಯಾಕ್ ಮಾಡುವವರಿಗೆ ಸುದ್ದಿ ಮುಟ್ಟಿಲ್ಲ. ನಿಮ್ಮ ಆರ್ಡರಿನ ವಿವರವನ್ನೆಲ್ಲ ಒಂದು ಚಿಕ್ಕ ಸಂದೇಶವಾಗಿ ಬರೆದು ಸಾಲಿನಲ್ಲಿ ಇಟ್ಟಿದ್ದಾರೆ, ಅಷ್ಟೇ. ಸಾಫ್ಟ್‌ವೇರ್ ಮಂದಿ ಈ ಸಾಲನ್ನು ಮೆಸೇಜ್ ಕ್ಯೂ ಎನ್ನುತ್ತಾರೆ. ದರ್ಶಿನಿಯಲ್ಲಿ ಕ್ಯಾಷಿಯರ್ ದುಡ್ಡು ಪಡೆದು ಟೋಕನ್ ಹರಿದು ಕೊಟ್ಟಂತೆ ಇದು. ಟೋಕನ್ ಕೈಗೆ ಬಂತೆಂದರೆ ದೋಸೆ ಕಾವಲಿಯ ಮೇಲೆ ಬಿತ್ತು ಎಂದು ಅರ್ಥವಲ್ಲ.

ಹೀಗೆ ಮಾಡುವುದಕ್ಕೆ ಒಳ್ಳೆಯ ಕಾರಣವಿದೆ. ಹಣ ಪಡೆಯುವುದು, ದಾಸ್ತಾನು ನೋಡುವುದು, ಬಿಲ್ ಮಾಡುವುದು, ಗೋದಾಮಿಗೆ ತಿಳಿಸುವುದು, ಎಸ್ಎಂಎಸ್ ಕಳಿಸುವುದು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಮಾಡಲು ಹೋದರೆ, ಅವುಗಳಲ್ಲಿ ಯಾವುದೋ ಒಂದು ನಿಧಾನವಾದರೂ ಗ್ರಾಹಕ ಪರದೆ ನೋಡುತ್ತಾ ಕೂರಬೇಕಾಗುತ್ತದೆ. ಸಂದೇಶವನ್ನು ಸಾಲಿನಲ್ಲಿಟ್ಟರೆ ಮುಂದಿನ ಕೆಲಸವನ್ನು ಹಿಂಬದಿಯ ಪ್ರೋಗ್ರಾಮ್‌ಗಳು ತಮ್ಮ ಶಕ್ತಿಗೆ ತಕ್ಕ ವೇಗದಲ್ಲಿ ಎತ್ತಿಕೊಂಡು ಮಾಡುತ್ತವೆ. ಈ ಪ್ರೋಗ್ರಾಮ್‌ಗಳಿಗೆ ವರ್ಕರ್ ಅಥವಾ ಕನ್ಸ್ಯೂಮರ್ ಎಂದು ಹೆಸರು. ಸಾಲನ್ನು ಕಾಯುವ ತಂತ್ರಾಂಶಗಳು ಹಲವಿವೆ. ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾದ ಕಾಫ್ಕಾ, ಅಮೆಜಾನ್ ಬಾಡಿಗೆಗೆ ಕೊಡುವ ಎಸ್‌ಕ್ಯೂಎಸ್, 2007ರಿಂದ ಬಳಕೆಯಲ್ಲಿರುವ ರ್‍ಯಾಬಿಟ್‌ಎಂಕ್ಯೂ ಇವುಗಳಲ್ಲಿ ಹೆಚ್ಚು ಪರಿಚಿತ. ರ್‍ಯಾಬಿಟ್‌ಎಂಕ್ಯೂವನ್ನು ಬರೆದ ಭಾಷೆಯ ಹೆಸರು ಎರ್ಲಾಂಗ್. ಆ ಹೆಸರಿನ ಡ್ಯಾನಿಷ್ ಗಣಿತಜ್ಞ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದುಕೊಂಡು, ಕರೆಗಳು ಎಷ್ಟು ಹೊತ್ತು ಕಾಯಬೇಕಾದೀತು ಎಂಬ ಲೆಕ್ಕವನ್ನು 1909ರಷ್ಟು ಹಿಂದೆಯೇ ಹಾಕತೊಡಗಿದ್ದರು. ಸಾಲಿನ ಚಿಂತೆ ಕಂಪ್ಯೂಟರಿಗಿಂತ ಹಳೆಯದು.

ಸಾಲು ಬೆಳೆದಾಗ ಅದನ್ನು ಬ್ಯಾಕ್‌ಲಾಗ್ ಅಥವಾ ಬಾಕಿ ಎನ್ನುತ್ತಾರೆ. ಬಾಕಿ ಇರುವುದು ತಪ್ಪಲ್ಲ. ಸಂಜೆಯ ಭರಾಟೆಯನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳಲೆಂದೇ ಸಾಲನ್ನು ಕಟ್ಟಿರುವುದು. ಯಾವ ಬಾಕಿ ಸಹಜ, ಯಾವ ಬಾಕಿಯಿಂದ ಒಬ್ಬ ಗ್ರಾಹಕನಿಗೆ ಕೊಟ್ಟ ಮಾತು ತಪ್ಪುತ್ತಿದೆ ಎಂದು ಗುರುತಿಸುವುದು ಕಷ್ಟದ ಕೆಲಸ. ಎಷ್ಟೋ ಕಂಪನಿಗಳು ಇಲ್ಲಿಯೇ ಎಡವುತ್ತವೆ.

ಹೆಚ್ಚಿನ ತಂಡಗಳು ಮೊದಲು ಇಡುವ ಅಲರ್ಟ್ ಹೀಗಿರುತ್ತದೆ: ಸಾಲಿನಲ್ಲಿ ಸಾವಿರಕ್ಕಿಂತ ಹೆಚ್ಚು ಸಂದೇಶ ಸೇರಿದರೆ ಆನ್‌ಕಾಲ್ ಇರುವ ಎಂಜಿನಿಯರ್‌ಗೆ ಫೋನ್ ಹೋಗಲಿ. ಸಾವಿರವೇ ಯಾಕೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ದುಂಡಗಿನ ಸಂಖ್ಯೆ, ಯಾರೋ ಒಂದು ದಿನ ಬರೆದಿಟ್ಟರು. ಈಗ ಆ ಸಂಖ್ಯೆಯನ್ನು ಎರಡು ಬೇರೆ ಹೊತ್ತುಗಳಲ್ಲಿ ನೋಡಿ. ದೀಪಾವಳಿ ಮಾರಾಟದ ಸಂಜೆ, ವರ್ಕರ್‌ಗಳೆಲ್ಲ ಚೆನ್ನಾಗಿ ಓಡುತ್ತಾ ನಿಮಿಷಕ್ಕೆ 800 ಆರ್ಡರ್ ಮುಗಿಸುತ್ತಿವೆ ಎಂದುಕೊಳ್ಳೋಣ. ಆಗ ಸಾವಿರ ಬಾಕಿ ಎಂದರೆ ಒಂದೂಕಾಲು ನಿಮಿಷದ ಕೆಲಸ. ಯಾವ ಗ್ರಾಹಕನಿಗೂ ಅದು ಗೊತ್ತಾಗುವುದಿಲ್ಲ, ಆದರೂ ಎಂಜಿನಿಯರ್‌ನ ಫೋನ್ ಬಡಿದುಕೊಳ್ಳುತ್ತದೆ. ಇನ್ನೊಂದು ದಿನ ರಾತ್ರಿ ಎರಡು ಗಂಟೆಗೆ ವರ್ಕರ್‌ಗಳು ಪೂರ್ತಿ ನಿಂತೇ ಹೋಗಿವೆ, ಆದರೆ ಆ ಹೊತ್ತಿನಲ್ಲಿ ನಿಮಿಷಕ್ಕೆ ಬರುವುದೇ ಐದು ಆರ್ಡರ್. ಸಾವಿರ ಸೇರಲು 200 ನಿಮಿಷ ಬೇಕು. ಮೊದಲ ಗ್ರಾಹಕ ಹಣ ಕಟ್ಟಿ ಮೂರು ಗಂಟೆ ಇಪ್ಪತ್ತು ನಿಮಿಷ ಕಾದ ಮೇಲೆ ಅಲರ್ಟ್ ಎದ್ದು ಕೂರುತ್ತದೆ. ಬೇಡದಾಗ ಕೂಗಿ, ಬೇಕಾದಾಗ ಸುಮ್ಮನಿರುವ ಅಲರ್ಟ್ ಇದು. ಇಂಥದ್ದಕ್ಕೆ ನಾಲ್ಕು ಸಲ ನಿದ್ದೆಗೆಟ್ಟ ಎಂಜಿನಿಯರ್ ಐದನೆಯ ಸಲ ಫೋನನ್ನು ಮಗ್ಗುಲು ತಿರುಗಿಸಿಟ್ಟು ಮಲಗುತ್ತಾನೆ. ಅವನನ್ನು ದೂರಿ ಫಲವಿಲ್ಲ.

ಸಂಖ್ಯೆಯನ್ನು ಹೊತ್ತಿಗೆ ಬದಲಾಯಿಸಿಕೊಂಡರೆ ಅರ್ಧ ತೊಂದರೆ ನೀಗುತ್ತದೆ. ಅಮೆರಿಕದ ಕೇಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಾಠ ಮಾಡುತ್ತಿದ್ದ ಜಾನ್ ಲಿಟಲ್ 1961ರಲ್ಲಿ ಒಂದು ಸರಳ ಸಂಬಂಧವನ್ನು ಸಾಧಿಸಿ ತೋರಿಸಿದರು. ಸ್ಥಿರವಾಗಿ ನಡೆಯುತ್ತಿರುವ ಯಾವುದೇ ಸಾಲಿನಲ್ಲಿ ಸರಾಸರಿ ಎಷ್ಟು ಮಂದಿ ಇರುತ್ತಾರೋ ಅದು, ಜನ ಬರುವ ವೇಗವನ್ನು ಅವರ ಸರಾಸರಿ ಕಾಯುವ ಹೊತ್ತಿನಿಂದ ಗುಣಿಸಿದಷ್ಟೇ. ಅಂದರೆ ಸಾಲಿನ ಉದ್ದವೊಂದೇ ಗೊತ್ತಿದ್ದರೆ ಸಾಲದು. ವೇಗವೂ ಗೊತ್ತಿದ್ದಾಗಲೇ ಒಬ್ಬೊಬ್ಬರು ಎಷ್ಟು ಕಾಯುತ್ತಿದ್ದಾರೆ ಎಂದು ಹೇಳಬಹುದು. ಗ್ರಾಹಕನಿಗೆ ತನ್ನ ಮುಂದೆ ಎಷ್ಟು ಆರ್ಡರ್ ಇದೆ ಎಂಬುದು ಕಟ್ಟಿಕೊಂಡು ಏನೂ ಆಗಬೇಕಾಗಿಲ್ಲ. ಅವನು ನೋಡುತ್ತಿರುವುದು ಗಡಿಯಾರವನ್ನು.

ಹಾಗಾದರೆ ಎಷ್ಟು ಹೊತ್ತು ಕಾದರೆ ಹೆಚ್ಚಾಯಿತು? ಇದನ್ನು ಎಂಜಿನಿಯರ್ ಒಬ್ಬನೇ ತೀರ್ಮಾನಿಸಲು ಬರುವುದಿಲ್ಲ. ವ್ಯಾಪಾರ ನಡೆಸುವವರನ್ನೂ, ಕಸ್ಟಮರ್ ಕೇರ್‌ನಲ್ಲಿ ಫೋನ್ ಎತ್ತುವವರನ್ನೂ ಕೂರಿಸಿಕೊಂಡು ಕೇಳಬೇಕು. ಹಣ ಹೋಗಿ ಎಷ್ಟು ಹೊತ್ತಾದ ಮೇಲೆ ಜನ ಫೋನ್ ಮಾಡತೊಡಗುತ್ತಾರೆ? ಎಷ್ಟು ತಡವಾದರೆ ಗೋದಾಮಿನಿಂದ ಹೊರಡುವ ಕೊನೆಯ ವಾಹನ ತಪ್ಪುತ್ತದೆ? ಹತ್ತು ನಿಮಿಷದಲ್ಲಿ ಮನೆಗೆ ತರಕಾರಿ ಮುಟ್ಟಿಸುತ್ತೇವೆ ಎನ್ನುವವರಿಗೆ ಮೂರು ನಿಮಿಷದ ತಡವೇ ಭಾರಿಯಾದದ್ದು. ಮೂರು ದಿನದಲ್ಲಿ ಪುಸ್ತಕ ಕಳಿಸುವವರಿಗೆ ಹತ್ತು ನಿಮಿಷ ಏನೂ ಅಲ್ಲ. ಆದರೆ ಹಣ ಕಟ್ಟಿದವನಿಗೆ ದೃಢೀಕರಣದ ಸಂದೇಶ ಬೇಗ ಹೋಗಲೇಬೇಕು, ಇಲ್ಲದಿದ್ದರೆ ಅವನು ಗಾಬರಿಯಾಗಿ ಮತ್ತೊಮ್ಮೆ ಹಣ ಕಟ್ಟುತ್ತಾನೆ. ಒಂದೇ ಅಂಗಡಿಯೊಳಗೂ ಸಾಲಿನಿಂದ ಸಾಲಿಗೆ ಈ ಮಿತಿ ಬೇರೆಯಾಗುತ್ತದೆ. ಆರ್ಡರ್ ದೃಢೀಕರಿಸುವ ಸಾಲಿನಲ್ಲಿ ಐನೂರು ಬಾಕಿ ಬೆಂಕಿ ಬಿದ್ದಷ್ಟು ಗಂಭೀರವಾಗಿರಬಹುದು, ರಿವಾರ್ಡ್ ಪಾಯಿಂಟ್ ಸೇರಿಸುವ ಸಾಲಿನಲ್ಲಿ ಐವತ್ತು ಸಾವಿರ ಬಾಕಿ ಬೆಳಗಿನವರೆಗೆ ಇದ್ದರೂ ಯಾರ ಕೂದಲೂ ಕೊಂಕುವುದಿಲ್ಲ.

ಒಂದು ಲೆಕ್ಕವನ್ನು ಕೊನೆಯವರೆಗೆ ಮಾಡಿ ನೋಡೋಣ. ಒಂದು ಆನ್‌ಲೈನ್ ಅಂಗಡಿ, ನಿಮಿಷಕ್ಕೆ 300 ಆರ್ಡರ್ ಬರುವ ಸಂಜೆ. ನಾಲ್ಕು ವರ್ಕರ್‌ಗಳಿವೆ. ಪ್ರತಿಯೊಂದೂ ಒಂದು ಆರ್ಡರಿಗೆ 0.6 ಸೆಕೆಂಡ್ ತೆಗೆದುಕೊಳ್ಳುತ್ತದೆ, ಅಂದರೆ ನಿಮಿಷಕ್ಕೆ 100. ನಾಲ್ಕೂ ಸೇರಿ 400. ಬರುವುದಕ್ಕಿಂತ ಮುಗಿಸುವುದು ಹೆಚ್ಚಿರುವುದರಿಂದ ಸಾಲು ಖಾಲಿಯಾಗಿಯೇ ಇರುತ್ತದೆ. ಗ್ರಾಹಕನಿಗೆ ಕೊಟ್ಟ ಮಾತು, ಹಣ ಕಟ್ಟಿದ ಐದು ನಿಮಿಷದೊಳಗೆ ದೃಢೀಕರಣ.

ಸರಿಯಾಗಿ ಎಂಟು ಗಂಟೆಗೆ, ಹಣ ಬಂದಿದೆಯೇ ಎಂದು ಖಾತ್ರಿ ಮಾಡುವ ಪಾವತಿ ಸಂಸ್ಥೆಯ ಸರ್ವರ್ ನಿಧಾನವಾಯಿತು. ಕೆಟ್ಟು ನಿಂತಿಲ್ಲ, ಬರೀ ನಿಧಾನ. ಒಂದು ಆರ್ಡರಿಗೆ 0.6 ಸೆಕೆಂಡ್ ಬದಲು 1.2 ಸೆಕೆಂಡ್. ಎಲ್ಲಿಯೂ ಕೆಂಪು ದೀಪ ಹತ್ತುವುದಿಲ್ಲ, ಎರರ್ ಒಂದೂ ಇಲ್ಲ, ವರ್ಕರ್‌ಗಳು ಓಡುತ್ತಿವೆ. ಆದರೆ ನಾಲ್ಕೂ ಸೇರಿ ಈಗ ನಿಮಿಷಕ್ಕೆ 200 ಮಾತ್ರ ಮುಗಿಯುತ್ತಿದೆ, 300 ಬರುತ್ತಿದೆ. ನಿಮಿಷಕ್ಕೆ ನೂರರಂತೆ ಬಾಕಿ ಏರುತ್ತದೆ.

8.10ಕ್ಕೆ ಬಾಕಿ 1000. ಆ ಹೊತ್ತಿಗೆ ಮುಗಿದಿರುವುದು 2000 ಆರ್ಡರ್. ಎರಡು ಸಾವಿರದ ಆಸುಪಾಸಿನಲ್ಲಿ ಬಂದ ಆರ್ಡರ್ ಸಾಲಿನ ತಲೆಯಲ್ಲಿದೆ. ಅದು ಬಂದದ್ದು ಎಂಟು ಗಂಟೆಯಾಗಿ ಆರು ನಿಮಿಷ ನಲವತ್ತು ಸೆಕೆಂಡಿಗೆ. ಹಾಗಾಗಿ ಎಲ್ಲರಿಗಿಂತ ಹೆಚ್ಚು ಹೊತ್ತಿನಿಂದ ಕಾಯುತ್ತಿರುವ ಗ್ರಾಹಕನದೂ ಈಗ ಮೂರು ನಿಮಿಷ ಇಪ್ಪತ್ತು ಸೆಕೆಂಡ್ ಮಾತ್ರ. ಐದು ನಿಮಿಷದ ಮಾತು ಯಾರಿಗೂ ತಪ್ಪಿಲ್ಲ. ಡ್ಯಾಶ್‌ಬೋರ್ಡ್ ನೋಡಿದವರು ನಿರಾಳವಾಗಿ ಇರಬಹುದು.

ಆದರೆ ಅದೇ 8.10ಕ್ಕೆ ಹೊಸದಾಗಿ ಹಣ ಕಟ್ಟಿದವಳ ಲೆಕ್ಕ ಬೇರೆ. ಅವಳ ಮುಂದೆ ಸಾವಿರ ಆರ್ಡರ್ ಇವೆ, ನಿಮಿಷಕ್ಕೆ 200 ಮುಗಿಯುತ್ತಿವೆ, ಅವಳ ಸರದಿ ಬರಲು ಸರಿಯಾಗಿ ಐದು ನಿಮಿಷ. ಅವಳ ಹಿಂದೆ ಬರುವ ಪ್ರತಿಯೊಬ್ಬರಿಗೂ, ಈಗಿನ ಸ್ಥಿತಿ ಬದಲಾಗದಿದ್ದರೆ, ಮಾತು ತಪ್ಪುವುದು ಖಚಿತ. ಇದು ಗೊತ್ತಾಗುವುದು 8.10ಕ್ಕೆ, ಮಾತು ಮೊದಲ ಸಲ ತಪ್ಪುವುದು 8.15ಕ್ಕೆ. ನಡುವೆ ಎಂಜಿನಿಯರ್‌ಗೆ ಐದು ನಿಮಿಷ ಸಿಕ್ಕಿತು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಈ ಐದು ನಿಮಿಷ. ಸಾಲಿನ ತಲೆಯಲ್ಲಿರುವ ಸಂದೇಶದ ವಯಸ್ಸು ಆಗಿಹೋದದ್ದನ್ನು ಹೇಳುತ್ತದೆ. ಬಾಕಿಯನ್ನು ಮುಗಿಸುವ ವೇಗದಿಂದ ಭಾಗಿಸಿದರೆ ಬರುವ ಹೊತ್ತು, ಮುಂದೆ ಆಗಲಿರುವುದನ್ನು ಹೇಳುತ್ತದೆ. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ವೇಗವನ್ನು ಮಾತ್ರ ಕಳೆದ ಒಂದೆರಡು ನಿಮಿಷದಲ್ಲಿ ನಿಜವಾಗಿ ಮುಗಿದ ಆರ್ಡರುಗಳಿಂದ ಅಳೆಯಬೇಕು, 'ನಮ್ಮ ಸಿಸ್ಟಮ್ ನಿಮಿಷಕ್ಕೆ 400 ತೆಗೆಯುತ್ತದೆ' ಎಂಬ ನಂಬಿಕೆಯಿಂದ ಅಲ್ಲ. ವೇಗ ಸೊನ್ನೆಯಾಗಿದ್ದರೆ ಭಾಗಿಸುವ ಪ್ರಶ್ನೆಯೇ ಇಲ್ಲ, ಅಲರ್ಟ್ ನೇರವಾಗಿ ಹೋಗಬೇಕು.

8.18ಕ್ಕೆ ಬನ್ನಿ. ಬಾಕಿ 1800. ಸಾಲಿನ ತಲೆಯಲ್ಲಿರುವವರು ಕಾಯುತ್ತಾ ಆರು ನಿಮಿಷವಾಯಿತು. ಐದು ನಿಮಿಷ ದಾಟಿಯೂ ದೃಢೀಕರಣ ಸಿಗದೆ ಸಾಲಿನಲ್ಲೇ ಇರುವವರು 300 ಮಂದಿ. ಈಗ ಬರುವವರು ಕಾಯಬೇಕಾದದ್ದು ಒಂಬತ್ತು ನಿಮಿಷ. ಕಾಗದದ ಲೆಕ್ಕ ಇಷ್ಟೇ ಹೇಳುತ್ತದೆ, ನಿಜದಲ್ಲಿ ಇನ್ನೂ ಕೆಡುತ್ತದೆ. ದೃಢೀಕರಣ ಬಾರದೆ ಕೆಲವರು ಎರಡನೆಯ ಸಲ ಆರ್ಡರ್ ಮಾಡುತ್ತಾರೆ, ಅದೂ ಸಾಲಿಗೇ ಬಂದು ಸೇರುತ್ತದೆ. ಕೆಲವರು ರದ್ದು ಮಾಡುತ್ತಾರೆ. ರದ್ದತಿಯ ಸಂದೇಶವೂ ಅದೇ ಸಾಲಿನ ಬಾಲಕ್ಕೆ ಹೋಗಿ ನಿಲ್ಲುವಂತೆ ಕಟ್ಟಿದ್ದರೆ, ಮೊದಲು ಆರ್ಡರ್ ದೃಢವಾಗಿ, ಪ್ಯಾಕ್ ಆಗಿ, ಆಮೇಲೆ ರದ್ದತಿಯ ಸುದ್ದಿ ಬರುತ್ತದೆ. ಬಾಕಿ ಹೀಗೆ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ.

ಇಷ್ಟು ತಿಳಿದ ಮೇಲೆ, ಸಾಲನ್ನು ನೋಡುವುದೊಂದೇ ಸಾಕೇ ಎಂಬ ಪ್ರಶ್ನೆ ಬರುತ್ತದೆ. ಸಾಲದು. ಸಾಲು ತನ್ನೊಳಗೆ ಬಂದದ್ದನ್ನು ಮಾತ್ರ ಬಲ್ಲದು. ಸಂದೇಶವನ್ನು ಸಾಲಿಗೆ ಹಾಕಬೇಕಾದ ಪ್ರೋಗ್ರಾಮೇ ಕೆಟ್ಟರೆ ಸಾಲು ಖಾಲಿ ಇರುತ್ತದೆ, ಬಾಕಿ ಸೊನ್ನೆ, ಡ್ಯಾಶ್‌ಬೋರ್ಡ್ ಹಸಿರು. ಅತಿ ಕೆಟ್ಟ ರಾತ್ರಿಗಳಲ್ಲಿ ಕೆಲವು ಹೀಗೆ ಹಸಿರಾಗಿಯೇ ಕಳೆಯುತ್ತವೆ. ಆದ್ದರಿಂದ ಗ್ರಾಹಕನ ಕಡೆಯಿಂದ ಒಂದು ಪ್ರತ್ಯೇಕ ಎಣಿಕೆ ಬೇಕು, ಸಾಲನ್ನು ಕೇಳದೆ ನೇರವಾಗಿ ಆರ್ಡರುಗಳ ದಾಖಲೆಯನ್ನೇ ಕೇಳುವ ಎಣಿಕೆ. ಡೇಟಾಬೇಸಿನಲ್ಲಿ ಪ್ರತಿ ಆರ್ಡರಿನ ಮುಂದೆ ಹಣ ಬಂದ ಹೊತ್ತು, ದೃಢೀಕರಿಸಿದ ಹೊತ್ತು ಇರುತ್ತದೆ. ಹಣ ಬಂದು ಐದು ನಿಮಿಷ ಕಳೆದರೂ ದೃಢೀಕರಣವಾಗದ, ರದ್ದೂ ಆಗದ ಆರ್ಡರ್ ಎಷ್ಟಿವೆ ಎಂದು ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಕೇಳಿದರಾಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್ ಆದರೆ ಪ್ರಶ್ನೆ ಇಷ್ಟೇ:

```sql
SELECT count(*)
FROM orders
WHERE paid_at < now() - interval '5 minutes'
  AND confirmed_at IS NULL
  AND cancelled_at IS NULL;
```

ಇದರ ಉತ್ತರವಾಗಿ ಬರುವುದು ಜನರ ಸಂಖ್ಯೆ. ತಪ್ಪು ಸಾಲಿನದೋ, ವರ್ಕರ್‌ನದೋ, ನೆಟ್‌ವರ್ಕಿನದೋ, ಇದು ಲೆಕ್ಕಿಸುವುದಿಲ್ಲ. ಎಲ್ಲಿ ಸಿಕ್ಕಿಕೊಂಡರೂ ಆ ಆರ್ಡರ್ ಇಲ್ಲಿ ಕಾಣಿಸಿಕೊಳ್ಳುತ್ತದೆ. ಗೂಗಲ್ ಎಂಜಿನಿಯರ್‌ಗಳು 2016ರಲ್ಲಿ ತಮ್ಮ ಸರ್ವರ್ ನಿರ್ವಹಣೆಯ ಅನುಭವವನ್ನು ಪುಸ್ತಕವಾಗಿ ತಂದಾಗ ಒತ್ತಿ ಹೇಳಿದ ಮಾತೂ ಇದೇ ದಿಕ್ಕಿನದು: ಮನುಷ್ಯನನ್ನು ಎಬ್ಬಿಸುವ ಅಲರ್ಟ್ ಬಳಕೆದಾರನಿಗೆ ಕಾಣುವ ತೊಂದರೆಗೆ ಕಟ್ಟಿರಲಿ, ಒಳಗಿನ ಕಾರಣಗಳನ್ನು ಎದ್ದ ಮೇಲೆ ಹುಡುಕಲು ಇಟ್ಟುಕೊಳ್ಳಿ. ಹಣವೇ ಬಂದಿಲ್ಲ ಎಂದು ದಾಖಲಾಗಿ ತಪ್ಪಿಹೋದ ಆರ್ಡರ್ ಮಾತ್ರ ಈ ಪ್ರಶ್ನೆಗೂ ಸಿಗುವುದಿಲ್ಲ. ಅದಕ್ಕಾಗಿ ಪಾವತಿ ಸಂಸ್ಥೆಯ ಪಟ್ಟಿಯನ್ನು ತಮ್ಮ ಪಟ್ಟಿಯೊಂದಿಗೆ ಆಗಾಗ ತಾಳೆ ನೋಡುವ ಕೆಲಸ ಬೇರೆಯೇ ಇರುತ್ತದೆ.

ಸಾಲು ಮರೆಮಾಚುವ ಸಂಗತಿಗಳಲ್ಲಿ ಅತಿ ಮೋಸದ್ದು ವಿಷದ ಸಂದೇಶ. ಒಂದು ಆರ್ಡರಿನ ವಿಳಾಸದಲ್ಲಿ ಪ್ರೋಗ್ರಾಮ್ ನಿರೀಕ್ಷಿಸದ ಅಕ್ಷರವೊಂದಿದೆ ಎನ್ನಿ. ವರ್ಕರ್ ಅದನ್ನು ಎತ್ತಿಕೊಳ್ಳುತ್ತದೆ, ಮುಗ್ಗರಿಸಿ ಬೀಳುತ್ತದೆ. ಸಂದೇಶ ಮತ್ತೆ ಸಾಲಿಗೆ ಮರಳುತ್ತದೆ, ಮತ್ತೊಂದು ವರ್ಕರ್ ಎತ್ತಿಕೊಂಡು ಅದೂ ಬೀಳುತ್ತದೆ. ಉಳಿದ ಸಾವಿರಾರು ಆರ್ಡರುಗಳು ಸರಾಗವಾಗಿ ಹೋಗುತ್ತಿರುವುದರಿಂದ ಯಾವ ಸರಾಸರಿಯಲ್ಲೂ ಇದು ಕಾಣುವುದಿಲ್ಲ. ಸಾಲಿನ ತಲೆಯ ವಯಸ್ಸು ತೋರಿಸುವ ಅಳತೆಯನ್ನು ಎಸ್‌ಕ್ಯೂಎಸ್‌ನಲ್ಲಿ ApproximateAgeOfOldestMessage ಎಂದು ಕರೆದಿದ್ದಾರೆ. ಆ ಅಳತೆಯೂ ಇಲ್ಲಿ ಕೈಕೊಡುತ್ತದೆ. ಮೂರು ಸಲ ಎತ್ತಿಕೊಂಡರೂ ಮುಗಿಯದ ಸಂದೇಶವನ್ನು ಎಸ್‌ಕ್ಯೂಎಸ್ ಸಾಲಿನ ಹಿಂದಕ್ಕೆ ತಳ್ಳಿ, ಅದರ ಮುಂದಿನದರ ವಯಸ್ಸನ್ನು ತೋರಿಸತೊಡಗುತ್ತದೆ. ಅಂದರೆ ಎಲ್ಲರಿಗಿಂತ ಹೆಚ್ಚು ತೊಂದರೆಯಲ್ಲಿರುವ ಗ್ರಾಹಕನೇ ಲೆಕ್ಕದಿಂದ ಹೊರಬೀಳುತ್ತಾನೆ.

ಇಂಥ ಸಂದೇಶಗಳಿಗಾಗಿ ಪಕ್ಕದಲ್ಲಿ ಇನ್ನೊಂದು ಸಾಲು ಇಟ್ಟಿರುತ್ತಾರೆ, ಡೆಡ್ ಲೆಟರ್ ಕ್ಯೂ ಎಂದು. ಇಂತಿಷ್ಟು ಸಲ ಸೋತ ಸಂದೇಶ ತಾನಾಗಿ ಅಲ್ಲಿಗೆ ಹೋಗುತ್ತದೆ, ಉಳಿದವು ಮುಂದೆ ಸಾಗುತ್ತವೆ. ವ್ಯವಸ್ಥೆ ಒಳ್ಳೆಯದೇ, ಆದರೆ ಅಲ್ಲಿ ಬಿದ್ದ ಸಂದೇಶವನ್ನು ಯಾರೂ ನೋಡದಿದ್ದರೆ ಅದು ತಿಪ್ಪೆಯಾಗುತ್ತದೆ. ಎಸ್‌ಕ್ಯೂಎಸ್‌ನಲ್ಲಿ ಬೇರೆ ಏನೂ ಹೇಳದಿದ್ದರೆ ಸಂದೇಶದ ಆಯಸ್ಸು ನಾಲ್ಕು ದಿನ, ಹೆಚ್ಚೆಂದರೆ ಹದಿನಾಲ್ಕು ದಿನಕ್ಕೆ ಏರಿಸಬಹುದು. ಸಾಮಾನ್ಯ ಬಗೆಯ ಕ್ಯೂಗಳಲ್ಲಿ ಈ ಆಯಸ್ಸನ್ನು ಎಣಿಸುವುದು ಮೊದಲ ಸಾಲಿಗೆ ಬಂದ ಹೊತ್ತಿನಿಂದ, ಡೆಡ್ ಲೆಟರ್ ಕ್ಯೂಗೆ ಬಿದ್ದ ಹೊತ್ತಿನಿಂದ ಅಲ್ಲ. ಶುಕ್ರವಾರ ಸಂಜೆ ಹಣ ಕಟ್ಟಿದವರ ಆರ್ಡರ್ ಅಲ್ಲಿಗೆ ಬಿದ್ದು, ಯಾರೂ ತಿರುಗಿ ನೋಡದೆ ಹೋದರೆ, ಮಂಗಳವಾರ ಸಂಜೆಯ ಹೊತ್ತಿಗೆ ಆ ಸಂದೇಶವೇ ಇರುವುದಿಲ್ಲ. ಹಣದ ಸಂಬಂಧವಿರುವ ಸಾಲಿನ ಡೆಡ್ ಲೆಟರ್ ಕ್ಯೂಗೆ ಮಿತಿ ಸೊನ್ನೆಯೇ ಇರಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಬಿದ್ದರೂ ಅದೇ ದಿನ ಒಬ್ಬರು ತೆರೆದು ನೋಡಬೇಕು. ಅದಕ್ಕಾಗಿ ರಾತ್ರಿ ಎಬ್ಬಿಸಬೇಕಾಗಿಲ್ಲ, ಬೆಳಗ್ಗೆ ಮೇಜಿನ ಮೇಲೆ ಮೊದಲ ಕೆಲಸವಾಗಿ ಕಾದಿದ್ದರೆ ಸಾಕು.

ಕಾಫ್ಕಾದಲ್ಲಿ ತೊಂದರೆ ಇನ್ನೊಂದು ರೂಪದಲ್ಲಿ ಅಡಗಿರುತ್ತದೆ. ಅಲ್ಲಿ ಒಂದು ಸಾಲನ್ನು ಹಲವು ಪಾರ್ಟಿಷನ್‌ಗಳಾಗಿ ಸೀಳಿರುತ್ತಾರೆ, ಯಾವ ಆರ್ಡರ್ ಯಾವ ಸೀಳಿಗೆ ಹೋಗಬೇಕೆಂದು ಒಂದು ಕೀ ನೋಡಿ ನಿರ್ಧಾರವಾಗುತ್ತದೆ. ಆ ಕೀ ಗೋದಾಮಿನ ಹೆಸರು ಎಂದುಕೊಳ್ಳಿ. ಹನ್ನೆರಡು ಪಾರ್ಟಿಷನ್‌ಗಳಲ್ಲಿ ಒಂದರ ಕನ್ಸ್ಯೂಮರ್ ಮಾತ್ರ ಸಿಕ್ಕಿಕೊಂಡರೆ, ಹುಬ್ಬಳ್ಳಿ ಗೋದಾಮಿನ ಆರ್ಡರುಗಳೆಲ್ಲ ನಿಂತು, ಬೆಂಗಳೂರಿನವು ನೀರು ಹರಿದಂತೆ ಹೋಗುತ್ತಿರುತ್ತವೆ. ಹನ್ನೆರಡನ್ನೂ ಕೂಡಿಸಿದ ಬಾಕಿ ಚಿಕ್ಕದು, ಸರಾಸರಿ ಇನ್ನೂ ಚಿಕ್ಕದು. kafka-consumer-groups.sh ಎಂಬ ಕಮಾಂಡನ್ನು --describe ಜೊತೆ ಓಡಿಸಿದರೆ ಪ್ರತಿ ಪಾರ್ಟಿಷನ್ನಿನ LAG ಬೇರೆ ಬೇರೆಯಾಗಿ ಕಾಣುತ್ತದೆ. ಒಂದರ CURRENT-OFFSET ಕದಲದೆ LOG-END-OFFSET ಮಾತ್ರ ಏರುತ್ತಿದ್ದರೆ ಅಲ್ಲಿ ಕೆಲಸ ನಿಂತಿದೆ. ಅಲರ್ಟನ್ನು ಮೊತ್ತಕ್ಕೂ ಸರಾಸರಿಗೂ ಕಟ್ಟದೆ, ಅತಿ ಹಿಂದೆ ಬಿದ್ದ ಪಾರ್ಟಿಷನ್ನಿಗೆ ಕಟ್ಟಬೇಕು.

ಇನ್ನೊಂದು ಮಾತನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಒಂದು ಆರ್ಡರ್ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ. ಪಾವತಿ, ದಾಸ್ತಾನು, ಬಿಲ್, ಗೋದಾಮು ಎಂದು ನಾಲ್ಕೈದು ಸಾಲು ದಾಟುತ್ತದೆ. ಪ್ರತಿ ಸಾಲಿನಲ್ಲೂ ಎರಡೇ ನಿಮಿಷ ನಿಂತರೆ ಪ್ರತಿ ತಂಡದ ಡ್ಯಾಶ್‌ಬೋರ್ಡೂ ಹಸಿರಾಗಿರುತ್ತದೆ, ಗ್ರಾಹಕನಿಗೆ ಹತ್ತು ನಿಮಿಷ ಹೋಗಿರುತ್ತದೆ. ಹೊಸ ಸಾಲಿಗೆ ಹೋದಾಗೆಲ್ಲ ಸಂದೇಶದ ವಯಸ್ಸು ಸೊನ್ನೆಯಿಂದ ಶುರುವಾಗುವುದೇ ಇದಕ್ಕೆ ಕಾರಣ. ಹಣ ಬಂದ ಹೊತ್ತನ್ನು ಸಂದೇಶದೊಳಗೇ ಬರೆದು ಕೊನೆಯವರೆಗೂ ಹೊರಿಸಿಕೊಂಡು ಹೋದರೆ ಈ ಕಣ್ಕಟ್ಟು ತಪ್ಪುತ್ತದೆ.

ಅಲರ್ಟ್ ಎದ್ದಾಗ ಅದರಲ್ಲಿ ಏನು ಬರೆದಿರಬೇಕು ಎಂಬುದರ ಕಡೆಗೆ ಗಮನ ಕೊಡುವವರು ಕಡಿಮೆ. ರಾತ್ರಿ ನಿದ್ದೆಗಣ್ಣಿನಲ್ಲಿ ಫೋನ್ ಎತ್ತಿಕೊಂಡವರಿಗೆ 'order-queue depth 1800, threshold 1000' ಎಂದು ಕಂಡರೆ ಅದರಿಂದ ಏನು ತಿಳಿಯಬೇಕು? ಲ್ಯಾಪ್‌ಟಾಪ್ ತೆಗೆದು, ನಾಲ್ಕು ಡ್ಯಾಶ್‌ಬೋರ್ಡ್ ನೋಡಿ, ಇದು ನಿಜವಾದ ತೊಂದರೆಯೋ ಅಲ್ಲವೋ ಎಂದು ತಾವೇ ಕಂಡುಕೊಳ್ಳಬೇಕು. ಅದೇ ನಮ್ಮ ಲೆಕ್ಕದ 8.18ರ ಅಲರ್ಟ್ ಹೀಗಿದ್ದರೆ: 'ಹಣ ಕಟ್ಟಿ 5 ನಿಮಿಷ ದಾಟಿದರೂ ದೃಢೀಕರಣ ಸಿಗದ ಗ್ರಾಹಕರು 300. ಈಗ ಆರ್ಡರ್ ಮಾಡುವವರು ಕಾಯಬೇಕಾದ ಹೊತ್ತು 9 ನಿಮಿಷ, ಏರುತ್ತಿದೆ. ಬರುತ್ತಿರುವುದು ನಿಮಿಷಕ್ಕೆ 300, ಮುಗಿಯುತ್ತಿರುವುದು 200. ಪಾವತಿ ಖಾತ್ರಿಗೆ ಹಿಡಿಯುವ ಹೊತ್ತು ಎಂಟು ಗಂಟೆಯಿಂದ ಹೆಚ್ಚಾಗಿದೆ.' ಎದ್ದವರಿಗೆ ಎಷ್ಟು ಜನ ತೊಂದರೆಯಲ್ಲಿದ್ದಾರೆ, ಎಷ್ಟು ಅವಸರವಿದೆ, ಮೊದಲು ಎಲ್ಲಿ ನೋಡಬೇಕು ಎಂಬ ಮೂರೂ ಹಾಸಿಗೆಯಲ್ಲಿ ಕೂತಲ್ಲೇ ಗೊತ್ತಾಗುತ್ತದೆ. ಇದೇ ಸಂಖ್ಯೆಯನ್ನು ಕಸ್ಟಮರ್ ಕೇರ್‌ಗೂ ಕಳಿಸಬಹುದು. ಫೋನ್ ಎತ್ತುವ ಹುಡುಗಿಗೆ 'ದೃಢೀಕರಣ ಹತ್ತು ನಿಮಿಷ ತಡವಾಗುತ್ತಿದೆ, ನಿಮ್ಮ ಹಣ ನಮಗೆ ತಲುಪಿದೆ' ಎಂದು ಹೇಳಲು ಆಗ ಒಂದು ಆಧಾರ ಸಿಗುತ್ತದೆ.

ಅಲರ್ಟಿಗೆ ಎರಡು ಮಟ್ಟ ಸಾಕು. ಮಾತು ತಪ್ಪುತ್ತಿದೆ ಅಥವಾ ಇನ್ನು ಐದು ನಿಮಿಷದಲ್ಲಿ ತಪ್ಪಲಿದೆ ಎಂದಾದರೆ ಫೋನ್. ಬಾಕಿ ಏರುತ್ತಿದೆ, ಆದರೆ ಗ್ರಾಹಕನಿಗೆ ಮುಟ್ಟಲು ಗಂಟೆಗಳಿವೆ ಎಂದಾದರೆ ಬೆಳಗ್ಗೆ ನೋಡುವ ಟಿಕೆಟ್. ಹೊಸ ಕೋಡ್ ಹಾಕುವಾಗ ವರ್ಕರ್‌ಗಳು ಅರ್ಧ ನಿಮಿಷ ನಿಂತು ಏಳುವುದರಿಂದ ಸಾಲು ಒಮ್ಮೆ ಉಬ್ಬಿ ಇಳಿಯುತ್ತದೆ. ಅದಕ್ಕೆಲ್ಲ ಕೂಗದಿರಲು, ಸ್ಥಿತಿ ಎರಡು ನಿಮಿಷ ಸತತವಾಗಿ ಹಾಗೇ ಇದ್ದರೆ ಮಾತ್ರ ಎಬ್ಬಿಸು ಎಂದು ಷರತ್ತು ಹಾಕುತ್ತಾರೆ. ಈ ಎರಡು ನಿಮಿಷ ಎಂಜಿನಿಯರ್‌ಗೆ ಸಿಗುವ ಐದು ನಿಮಿಷದಿಂದಲೇ ಕಳೆದುಹೋಗುತ್ತದೆ ಎಂಬುದು ನೆನಪಿರಲಿ. ಷರತ್ತನ್ನು ಹತ್ತು ನಿಮಿಷಕ್ಕೆ ಬೆಳೆಸಿ ನೆಮ್ಮದಿಯಾಗಿ ಮಲಗಿದ ತಂಡಗಳೂ ಉಂಟು. ಅವರ ನೆಮ್ಮದಿಯ ಬೆಲೆಯನ್ನು ಗ್ರಾಹಕರು ತೆರುತ್ತಾರೆ.

ಇನ್ನು ಎದ್ದವರು ಮಾಡುವುದೇನು? ಮೊದಲು ಹೊಳೆಯುವ ಉಪಾಯ ವರ್ಕರ್‌ಗಳನ್ನು ಹೆಚ್ಚಿಸುವುದು. ನಮ್ಮ ಉದಾಹರಣೆಯಲ್ಲಿ ಅದು ಅಪಾಯಕಾರಿ, ಏಕೆಂದರೆ ನಿಧಾನವಾಗಿರುವುದು ಪಾವತಿ ಸಂಸ್ಥೆಯ ಸರ್ವರ್. ನಾಲ್ಕರ ಬದಲು ಎಂಟು ವರ್ಕರ್‌ಗಳು ಅದರ ಮೇಲೆ ಬಿದ್ದರೆ ಅದು ಇನ್ನಷ್ಟು ಕುಸಿಯಬಹುದು. ಅಲರ್ಟಿನಲ್ಲಿ ಕಾರಣದ ಸುಳಿವು ಇರಬೇಕೆಂದದ್ದು ಇದಕ್ಕೇ. ಸರ್ವರ್ 8.30ಕ್ಕೆ ಸರಿಹೋಯಿತು ಎನ್ನೋಣ. ಬಾಕಿ 3000. ವರ್ಕರ್‌ಗಳು ಮತ್ತೆ ನಿಮಿಷಕ್ಕೆ 400 ಮುಗಿಸುತ್ತವೆ, 300 ಬರುತ್ತಲೇ ಇದೆ, ಕರಗುವುದು ನಿಮಿಷಕ್ಕೆ ನೂರು ಮಾತ್ರ. ಸಾಲು ಖಾಲಿಯಾಗಲು ಇನ್ನೂ ಮೂವತ್ತು ನಿಮಿಷ, ಅಂದರೆ ಒಂಬತ್ತು ಗಂಟೆ. ಈಗ ಎರಡು ವರ್ಕರ್ ಸೇರಿಸಿದರೆ ಫಲವಿದೆ: ನಿಮಿಷಕ್ಕೆ 600 ಆಗಿ, ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಡೇಟಾಬೇಸ್ ಅಷ್ಟು ಭಾರ ತಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿ ಇಟ್ಟುಕೊಂಡಿದ್ದರೆ ಮಾತ್ರ. ಮೂಲ ದೋಷ ಹೋದ ಕೂಡಲೇ ಗ್ರಾಹಕರ ಕಷ್ಟ ಹೋಗುವುದಿಲ್ಲ, ಆದ್ದರಿಂದ ಅಲರ್ಟನ್ನೂ ಬಾಕಿ ಕರಗುವವರೆಗೆ ಮುಚ್ಚಬಾರದು.

ಬಾಕಿ ಬಹಳ ದೊಡ್ಡದಾಗಿದ್ದರೆ ಇನ್ನೊಂದು ಕಹಿ ಪ್ರಶ್ನೆ ಬರುತ್ತದೆ. ಮೊದಲು ಬಂದವರಿಗೇ ಮೊದಲು ಎಂದು ಹೋದರೆ, ಹಳಬರಿಗೆ ಆಗಲೇ ತಡವಾಗಿದೆ, ಹೊಸಬರಿಗೂ ತಡವಾಗುತ್ತದೆ, ಎಲ್ಲರಿಗೂ ಮಾತು ತಪ್ಪುತ್ತದೆ. ಹಳೆಯ ರಾಶಿಯನ್ನು ಬೇರೆ ಸಾಲಿಗೆ ಸರಿಸಿ, ಹೊಸಬರನ್ನು ಸಮಯಕ್ಕೆ ಮುಗಿಸುತ್ತಾ, ಬಿಡುವಿದ್ದ ವರ್ಕರ್‌ಗಳಿಂದ ಹಳೆಯದನ್ನು ತೀರಿಸುವ ಕ್ರಮವೂ ಬಳಕೆಯಲ್ಲಿದೆ. ಲಾಗಿನ್ ಒಟಿಪಿಯ ಸಾಲಾದರೆ ಅವಧಿ ಮೀರಿದ್ದನ್ನು ಎಸೆದೇ ಬಿಡಬಹುದು, ಅದು ಯಾರಿಗೂ ಬೇಡ. ಹಣ ಪಡೆದ ಆರ್ಡರನ್ನು ಹಾಗೆ ಎಸೆಯಲು ಯಾರಿಗೂ ಹಕ್ಕಿಲ್ಲ. ಸರಿಸಿಟ್ಟರೆ ಆ ಗ್ರಾಹಕರಿಗೆ ತಡವಾಗುತ್ತದೆ ಎಂದು ಎಸ್ಎಂಎಸ್ ಕಳಿಸಿಯೇ ಸರಿಸಬೇಕು. ಈ ನಿರ್ಧಾರವನ್ನು ರಾತ್ರಿ ಒಬ್ಬ ಎಂಜಿನಿಯರ್ ಹೆಗಲಿಗೆ ಹೊರಿಸಬಾರದು, ಹಗಲು ಹೊತ್ತಿನಲ್ಲಿ ವ್ಯಾಪಾರದವರು ಕೂತು ಬರೆದಿಟ್ಟಿರಬೇಕು.

ಇಂಥ ವ್ಯವಸ್ಥೆಗಳನ್ನು ನಡೆಸುವ ಓದುಗರಲ್ಲಿ ಒಂದು ವಿನಂತಿ: ಮೇಲಿನ ಐದು ಸಾಲಿನ ಪ್ರಶ್ನೆಯನ್ನು, ಕಾಲಂ ಹೆಸರುಗಳನ್ನು ನಿಮ್ಮದಕ್ಕೆ ಹೊಂದಿಸಿಕೊಂಡು, ನಾಳೆಯೇ ನಿಮ್ಮ ಡೇಟಾಬೇಸಿನ ಓದುವ ಪ್ರತಿಯ ಮೇಲೆ ಒಮ್ಮೆ ಓಡಿಸಿ ನೋಡಿ. ಉತ್ತರ ಸೊನ್ನೆ ಬಾರದಿದ್ದರೆ, ಆ ಆರ್ಡರುಗಳ ಹಿಂದೆ ಹಣ ಕಟ್ಟಿ ಕಾಯುತ್ತಿರುವ ಜನ ಇದ್ದಾರೆ. ಇನ್ನು, ಕೊಳ್ಳುವವರಾದ ನಮಗೆಲ್ಲ: ಖಾತೆಯಿಂದ ಹಣ ಹೋಗಿ ಪರದೆಯ ಮೇಲೆ 'ಪ್ರೊಸೆಸಿಂಗ್' ಎಂದೇ ಇದ್ದರೆ ಮತ್ತೆ ಹಣ ಕಟ್ಟಲು ಹೋಗಬೇಡಿ. ಯುಪಿಐ ಆ್ಯಪಿನಲ್ಲಿರುವ ವಹಿವಾಟಿನ ಸಂಖ್ಯೆಯನ್ನು ಬರೆದಿಟ್ಟುಕೊಂಡು, ಸ್ವಲ್ಪ ಕಾದು, ಆಮೇಲೆ ಕಸ್ಟಮರ್ ಕೇರ್‌ಗೆ ಆ ಸಂಖ್ಯೆಯನ್ನೇ ಹೇಳಿ.